ಚಿತ್ರವಿಲ್ಲದೆ ಅಣುವಿನ ರಚನೆ ಹೇಳುವುದು ಹೇಗೆ: ಲವಂಗದ ಯೂಜಿನಾಲ್ ಹಿಡಿದು ಒಂದು ಮಾರ್ಗದರ್ಶಿ

ಲವಂಗದ ವಾಸನೆಗೆ ಮುಖ್ಯ ಕಾರಣ ಯೂಜಿನಾಲ್ ಎಂಬ ಅಣು. ಅದರ ರಚನೆಯ ಚಿತ್ರ ನಿಮ್ಮ ಮುಂದಿದೆ. ಎದುರಿಗಿರುವವರ ಬಳಿ ಇಲ್ಲ. ಅವರಿಗೆ ಕಣ್ಣು ಕಾಣದೇ ಇರಬಹುದು, ಫೋನಿನಲ್ಲಿ ಮಾತಾಡುತ್ತಿರಬಹುದು, ಅಥವಾ ಅವರ ನೋಟ್ಸ್‌ನಲ್ಲಿ ಚಿತ್ರದ ಜಾಗ ಖಾಲಿ ಇರಬಹುದು. ಆಗ ಹೆಚ್ಚಿನವರು ಹೇಳುವುದು ಹೀಗೆ: "ಒಂದು ಷಡ್ಭುಜ ಇದೆ. ಎಡಗಡೆ ಮೇಲೆ OH, ಅದರ ಕೆಳಗೆ OCH3, ಬಲಗಡೆ ಒಂದು ಬಾಲ ಇದೆ."

ಇದನ್ನು ಕೇಳಿ ಪೆನ್ನು ಹಿಡಿದವರು ಎಲ್ಲಿ ನಿಲ್ಲುತ್ತಾರೆ ನೋಡಿ. ಷಡ್ಭುಜದ ಒಳಗೆ ದ್ವಿಬಂಧಗಳಿವೆಯೋ ಇಲ್ಲವೋ? OCH3 ಇರುವುದು OHನ ಪಕ್ಕದ ಮೂಲೆಯಲ್ಲೋ, ಒಂದು ಮೂಲೆ ಬಿಟ್ಟೋ? ಬಾಲದಲ್ಲಿ ಎಷ್ಟು ಕಾರ್ಬನ್? ಅದರಲ್ಲಿ ದ್ವಿಬಂಧ ಎಲ್ಲಿದೆ? ಒಂದಕ್ಕೂ ಉತ್ತರವಿಲ್ಲ. ಎಡ, ಬಲ, ಮೇಲೆ, ಕೆಳಗೆ ಎಂಬ ಮಾತುಗಳು ಆ ಹಾಳೆಗೆ ಸೇರಿದವು, ಅಣುವಿಗಲ್ಲ. ಹಾಳೆ ತಿರುಗಿಸಿದರೆ ಅವೆಲ್ಲ ಬದಲಾಗುತ್ತವೆ, ಅಣು ಹಾಗೇ ಇರುತ್ತದೆ.

ಹಾಗಾಗಿ ಹೇಳಬೇಕಾದದ್ದು ಒಂದೇ: ಯಾವ ಪರಮಾಣು ಯಾವುದಕ್ಕೆ, ಯಾವ ಬಂಧದಿಂದ ಸೇರಿದೆ. ಕೇಳಿದವರು ಒಂದು ಪ್ರಶ್ನೆಯನ್ನೂ ಕೇಳದೆ ಅದೇ ಅಣುವನ್ನು ಬರೆಯುವಂತಾದರೆ ವಿವರಣೆ ಸರಿ ಇದೆ ಎಂದರ್ಥ.

ಮೊದಲು ಗೆರೆಗಳನ್ನು ಸರಿಯಾಗಿ ಓದಿ

ಸಾವಯವ ರಸಾಯನಶಾಸ್ತ್ರದ ಚಿತ್ರಗಳಲ್ಲಿ ಹೆಚ್ಚಿನ ಕಾರ್ಬನ್‌ಗಳನ್ನು ಅಕ್ಷರವಾಗಿ ಬರೆದಿರುವುದಿಲ್ಲ. ಗೆರೆ ತಿರುಗುವ ಪ್ರತಿ ಮೂಲೆಯೂ ಒಂದು ಕಾರ್ಬನ್. ಅಕ್ಷರವಿಲ್ಲದೆ ಸುಮ್ನೆ ಮುಗಿಯುವ ಗೆರೆಯ ತುದಿಯೂ ಒಂದು ಕಾರ್ಬನ್. ಜಾಸ್ತಿ ತಪ್ಪಾಗುವುದು ಈ ತುದಿಯಲ್ಲೇ. ಯೂಜಿನಾಲ್ ಚಿತ್ರದಲ್ಲಿ O ಅಕ್ಷರದಿಂದ ಒಂದು ಚಿಕ್ಕ ಗೆರೆ ಹೊರಟು ಖಾಲಿಯಾಗಿ ನಿಂತಿರಬಹುದು. ಆ ಖಾಲಿ ತುದಿ CH3. ಅದನ್ನು ಬಿಟ್ಟರೆ ಅಣುವಿನಿಂದ ಒಂದು ಕಾರ್ಬನ್ನೇ ಹೋಯಿತು. ಇನ್ನೊಂದು ಪುಸ್ತಕದಲ್ಲಿ ಅದೇ ಜಾಗದಲ್ಲಿ OMe ಎಂದೋ MeO ಎಂದೋ ಬರೆದಿರುತ್ತಾರೆ. Me ಅಂದರೆ CH3. ಮೂರೂ ಒಂದೇ. ಇಂಥ ಸಂಕ್ಷೇಪಗಳನ್ನು ಬಿಡಿಸಿಯೇ ಹೇಳಿ.

ಎರಡು ಗೆರೆಗಳು ಒಂದನ್ನೊಂದು ದಾಟಿ ಹೋದರೆ, ದಾಟುವ ಜಾಗದಲ್ಲಿ ಸಾಮಾನ್ಯವಾಗಿ ಪರಮಾಣು ಇರುವುದಿಲ್ಲ. ಕರ್ಪೂರದಂಥ ಸೇತುವೆಯಿರುವ ಅಣುಗಳ ಚಿತ್ರದಲ್ಲಿ ಇದು ಎದುರಾಗುತ್ತದೆ. ಯೂಜಿನಾಲ್‌ನಲ್ಲಿ ಆ ತೊಂದರೆ ಇಲ್ಲ.

ಸಂಖ್ಯೆ ಕೊಡಿ

ಹೈಡ್ರೋಜನ್ ಬಿಟ್ಟು ಉಳಿದ ಪ್ರತಿ ಪರಮಾಣುವಿಗೂ ಒಂದು ಸಂಖ್ಯೆ ಕೊಡಿ. ಹೆಸರಿನಲ್ಲಿರುವ ಅಧಿಕೃತ ಸಂಖ್ಯೆ ಗೊತ್ತಿದ್ದರೆ ಉಂಗುರಕ್ಕೆ ಅದನ್ನೇ ಬಳಸಿ. ಗೊತ್ತಿಲ್ಲದಿದ್ದರೆ ನಿಮ್ಮದೇ ಸಂಖ್ಯೆ ಕೊಡಿ, ಆದರೆ "ಇದು ನಾನು ಕೊಟ್ಟ ಸಂಖ್ಯೆ" ಎಂದು ಮೊದಲೇ ತಿಳಿಸಿ. ಉಂಗುರದಲ್ಲಿ ಒಂದು ದಿಕ್ಕು ಹಿಡಿದರೆ ಸುತ್ತು ಮುಗಿಯುವವರೆಗೆ ಅದೇ ದಿಕ್ಕಿನಲ್ಲಿ ಹೋಗಿ. ಉಂಗುರ ಪೂರ್ತಿಯಾದ ಮೇಲೆಯೇ ಹೊರಗಿನ ಕೊಂಬೆಗಳಿಗೆ ಬನ್ನಿ.

ಯೂಜಿನಾಲ್‌ನಲ್ಲಿ ಉಂಗುರದ ಕಾರ್ಬನ್‌ಗಳು 1ರಿಂದ 6. OH ಇರುವುದು 1. ಅಲ್ಲಿಂದ OCH3 ಇರುವ ಕಡೆಗೆ ಹೊರಟರೆ ಅದು 2. ಮುಂದೆ 3, ಆಮೇಲೆ ಬಾಲ ಇರುವ 4, ನಂತರ 5, 6. ಇನ್ನು ಹೊರಗಿನವು: OHನ ಆಕ್ಸಿಜನ್ 7. OCH3ನ ಆಕ್ಸಿಜನ್ 8, ಅದರ ಕಾರ್ಬನ್ 9. ಬಾಲದ ಮೂರು ಕಾರ್ಬನ್‌ಗಳು ಉಂಗುರದ ಕಡೆಯಿಂದ 10, 11, 12. ಒಟ್ಟು ಹನ್ನೆರಡು ಪರಮಾಣುಗಳು: ಹತ್ತು ಕಾರ್ಬನ್, ಎರಡು ಆಕ್ಸಿಜನ್.

ಈ ಲೆಕ್ಕವನ್ನು ವಿವರಣೆಯ ಮೊದಲ ವಾಕ್ಯವಾಗಿಯೇ ಹೇಳಿಬಿಡಿ. "ಹನ್ನೆರಡು ಪರಮಾಣು, ಒಂದು ಉಂಗುರ" ಎಂದು ಮೊದಲೇ ಗೊತ್ತಿದ್ದರೆ ಕೇಳುವವರಿಗೆ ಎಷ್ಟು ಬರೆದಾಯಿತು, ಇನ್ನೆಷ್ಟು ಬಾಕಿ ಎಂಬ ಅಂದಾಜು ಇರುತ್ತದೆ.

ಬಂಧಗಳನ್ನು ಒಂದೊಂದಾಗಿ ಹೇಳಿ

ಈಗ ಮುಖ್ಯ ಕೆಲಸ. ಪ್ರತಿ ಬಂಧವನ್ನೂ "ಇಂಥದ್ದರಿಂದ ಇಂಥದ್ದಕ್ಕೆ, ಇಂಥ ಬಂಧ" ಎಂಬ ಒಂದೇ ಧಾಟಿಯಲ್ಲಿ ಹೇಳಬೇಕು. ಬಂಧವನ್ನು ಒಂದು ಸಲ ಮಾತ್ರ ಹೇಳಿ. 1ರಿಂದ 2ಕ್ಕೆ ಎಂದ ಮೇಲೆ 2ರಿಂದ 1ಕ್ಕೆ ಎಂದು ಮತ್ತೆ ಹೇಳಿದರೆ ಕೇಳುವವರು ಅದು ಇನ್ನೊಂದು ಬಂಧವೇ ಎಂದು ಗೊಂದಲಕ್ಕೆ ಬೀಳುತ್ತಾರೆ.

ಯೂಜಿನಾಲ್‌ನ ಪಟ್ಟಿ ಹೀಗಿದೆ:

- 1ರಿಂದ 2, ದ್ವಿಬಂಧ
- 2ರಿಂದ 3, ಏಕಬಂಧ
- 3ರಿಂದ 4, ದ್ವಿಬಂಧ
- 4ರಿಂದ 5, ಏಕಬಂಧ
- 5ರಿಂದ 6, ದ್ವಿಬಂಧ
- 6ರಿಂದ ಮತ್ತೆ 1ಕ್ಕೆ, ಏಕಬಂಧ. ಉಂಗುರ ಇಲ್ಲಿ ಮುಚ್ಚಿತು
- 1ರಿಂದ ಆಕ್ಸಿಜನ್ 7, ಏಕಬಂಧ
- 2ರಿಂದ ಆಕ್ಸಿಜನ್ 8, ಏಕಬಂಧ
- ಆಕ್ಸಿಜನ್ 8ರಿಂದ ಕಾರ್ಬನ್ 9, ಏಕಬಂಧ
- 4ರಿಂದ 10, ಏಕಬಂಧ
- 10ರಿಂದ 11, ಏಕಬಂಧ
- 11ರಿಂದ 12, ದ್ವಿಬಂಧ

ಉಂಗುರದ ದ್ವಿಬಂಧಗಳು ನಿಮ್ಮ ಚಿತ್ರದಲ್ಲಿ ಇನ್ನೊಂದು ಸಾಲಿನಲ್ಲಿರಬಹುದು, ಅಂದರೆ 2–3, 4–5, 6–1ರ ನಡುವೆ. ಬೆಂಜೀನ್ ಉಂಗುರದಲ್ಲಿ ಎರಡೂ ಒಂದೇ ಅಣು. ಚಿತ್ರದಲ್ಲಿ ದ್ವಿಬಂಧಗಳ ಬದಲು ಒಳಗೆ ಒಂದು ವೃತ್ತ ಇದ್ದರೆ "ಆರು ಕಾರ್ಬನ್‌ಗಳ ಬೆಂಜೀನ್ ಉಂಗುರ, ಒಳಗೆ ವೃತ್ತ" ಎಂದರೆ ಸಾಕು. ಷಡ್ಭುಜದ ಒಳಗೆ ಏನೂ ಇಲ್ಲದಿದ್ದರೆ ಮಾತ್ರ ಅದು ಬೇರೆಯೇ ಅಣು, ಸೈಕ್ಲೋಹೆಕ್ಸೇನ್ ಉಂಗುರ. ಬರೀ "ಷಡ್ಭುಜ" ಎನ್ನುವುದು ಸಾಲದು ಎಂದಿದ್ದು ಇದಕ್ಕೇ.

ಹೈಡ್ರೋಜನ್ ಎಣಿಸಿ, ಲೆಕ್ಕ ತಾಳೆ ನೋಡಿ

ಕಾರ್ಬನ್‌ಗೆ ನಾಲ್ಕು ಬಂಧ, ಆಕ್ಸಿಜನ್‌ಗೆ ಎರಡು. ಗೆರೆಗಳಲ್ಲಿ ಕಾಣದೆ ಉಳಿದದ್ದೆಲ್ಲ ಹೈಡ್ರೋಜನ್. 1, 2, 4ರಲ್ಲಿ ಹೈಡ್ರೋಜನ್ ಇಲ್ಲ. 3, 5, 6ರಲ್ಲಿ ಒಂದೊಂದು. ಆಕ್ಸಿಜನ್ 7ರಲ್ಲಿ ಒಂದು, 8ರಲ್ಲಿ ಇಲ್ಲ. 9ರಲ್ಲಿ ಮೂರು. 10ರಲ್ಲಿ ಎರಡು, 11ರಲ್ಲಿ ಒಂದು, 12ರಲ್ಲಿ ಎರಡು. ಕೂಡಿದರೆ ಹನ್ನೆರಡು. ಸೂತ್ರ C10H12O2. ಪುಸ್ತಕದಲ್ಲಿರುವ ಸೂತ್ರವೂ ಇದೇ ಆಗಿರಬೇಕು.

ಇನ್ನೊಂದು ತಾಳೆ ಇದೆ. ಹೈಡ್ರೋಜನ್ ಬಿಟ್ಟು ಲೆಕ್ಕ ಹಾಕಿದರೆ, ಪಟ್ಟಿಯಲ್ಲಿರುವ ಬಂಧಗಳ ಸಂಖ್ಯೆ ಪರಮಾಣುಗಳ ಸಂಖ್ಯೆಗಿಂತ ಒಂದು ಕಡಿಮೆ ಇರುತ್ತದೆ, ಅದಕ್ಕೆ ಉಂಗುರಗಳ ಸಂಖ್ಯೆ ಸೇರಿಸಬೇಕು. ಇಲ್ಲಿ 12 − 1 + 1 = 12. ನಮ್ಮ ಪಟ್ಟಿಯಲ್ಲೂ ಹನ್ನೆರಡು ಸಾಲು. ಹನ್ನೊಂದೇ ಬಂದಿದ್ದರೆ ಉಂಗುರ ಮುಚ್ಚುವ ಸಾಲು ಬಿಟ್ಟುಹೋಗಿರುವ ಸಾಧ್ಯತೆ ಜಾಸ್ತಿ. ಒಂದರಿಂದ ಆರರವರೆಗೆ ಹೇಳಿ, ಉಂಗುರ ಮುಗಿಯಿತು ಎಂದುಕೊಂಡು, 6ರಿಂದ 1ಕ್ಕೆ ವಾಪಸ್ ಬರುವುದನ್ನೇ ಮರೆಯುತ್ತಾರೆ.

ಲೆಕ್ಕಕ್ಕೆ ಸಿಗದ ತಪ್ಪುಗಳು

ಸೂತ್ರ ತಾಳೆಯಾಯಿತು ಎಂದು ಸಮಾಧಾನಪಡುವ ಮುಂಚೆ ಇನ್ನೆರಡು ಅಣುಗಳನ್ನು ನೋಡಬೇಕು.

ಮೇಲಿನ ಪಟ್ಟಿಯಲ್ಲಿ ಒಂದೇ ಸಾಲು ಬದಲಾಯಿಸಿ. "ಆಕ್ಸಿಜನ್ 8ರಿಂದ ಕಾರ್ಬನ್ 9" ಎಂಬುದನ್ನು "ಆಕ್ಸಿಜನ್ 7ರಿಂದ ಕಾರ್ಬನ್ 9" ಎಂದು ಮಾಡಿ. ಈಗ CH3 ಇನ್ನೊಂದು ಆಕ್ಸಿಜನ್‌ಗೆ ಹೋಯಿತು, OH ಪಕ್ಕದ ಮೂಲೆಗೆ ಬಂತು. ಸೂತ್ರ ಅದೇ C10H12O2. ಬಂಧಗಳೂ ಹನ್ನೆರಡೇ. ಆದರೆ ಇದು ಯೂಜಿನಾಲ್ ಅಲ್ಲ, ಚಾವಿಬೆಟಾಲ್. ವೀಳ್ಯದೆಲೆಯ ಎಣ್ಣೆಯಲ್ಲಿ ಸಿಗುವ ಅಣು ಅದು. ತಾಂಬೂಲದಲ್ಲಿ ಎಲೆಗೆ ಲವಂಗ ಚುಚ್ಚಿ ಕೊಡುತ್ತಾರಲ್ಲ, ಅಲ್ಲಿ ಈ ಎರಡು ಅಣುಗಳೂ ಒಟ್ಟಿಗೆ ಇರುತ್ತವೆ.

ಈಗ ಮೂಲ ಪಟ್ಟಿಗೆ ವಾಪಸ್ ಬನ್ನಿ. ಬಾಲದ ಕೊನೆಯ ಎರಡು ಸಾಲು ನೋಡಿ. ದ್ವಿಬಂಧವನ್ನು 11–12ರಿಂದ ತೆಗೆದು 10–11ಕ್ಕೆ ಹಾಕಿ. 10ರಲ್ಲಿ ಒಂದು ಹೈಡ್ರೋಜನ್, 11ರಲ್ಲಿ ಒಂದು, 12ರಲ್ಲಿ ಮೂರು. ಮೊದಲು ಎರಡು, ಒಂದು, ಎರಡು ಇತ್ತು. ಆಗಲೂ ಐದು, ಈಗಲೂ ಐದು. ಸೂತ್ರ ಮತ್ತೆ C10H12O2. ಇದು ಐಸೋಯೂಜಿನಾಲ್. ಹಿಂದೆ ಲವಂಗದ ಎಣ್ಣೆಯ ಯೂಜಿನಾಲ್ ಅನ್ನು ಐಸೋಯೂಜಿನಾಲ್ ಮಾಡಿ, ಅದನ್ನು ಆಕ್ಸಿಡೀಕರಿಸಿ ವೆನಿಲಿನ್ ತಯಾರಿಸುತ್ತಿದ್ದರು. ಆ ಇಡೀ ತಯಾರಿಕೆಯ ಮೊದಲ ಹೆಜ್ಜೆ ಅಂದರೆ ಈ ಒಂದು ದ್ವಿಬಂಧ ಒಂದು ಮನೆ ಸರಿಯುವುದು.

ಇದರಿಂದ ನಾನು ಒಂದು ವಿಷಯದಲ್ಲಿ ತುಂಬಾ ಕಟ್ಟುನಿಟ್ಟು. ಚಿತ್ರ ನೋಡಿದ ತಕ್ಷಣ "ಓ, ಇದು ಯೂಜಿನಾಲ್" ಎಂದು ಗುರುತು ಹಿಡಿದು, ಆಮೇಲೆ ನೆನಪಿನಿಂದ ಹೇಳುತ್ತಾ ಹೋಗಬಾರದು. ರಸಾಯನಶಾಸ್ತ್ರ ಚೆನ್ನಾಗಿ ಗೊತ್ತಿರುವವರೇ ಈ ತಪ್ಪು ಮಾಡುವ ಸಂಭವ ಹೆಚ್ಚು, ಯಾಕೆಂದರೆ ಅವರ ಕಣ್ಣು ಚಿತ್ರದ ಮೇಲೆ ಓಡುವ ಮೊದಲೇ ಹೆಸರು ಹೊಳೆದಿರುತ್ತದೆ. ಚಿತ್ರದಲ್ಲಿ ಇದ್ದದ್ದು ಐಸೋಯೂಜಿನಾಲ್ ಆಗಿದ್ದರೆ? ಪ್ರಶ್ನೆಪತ್ರಿಕೆಯಲ್ಲಿ ಕೇಳಿದ್ದೇ ಆ ವ್ಯತ್ಯಾಸ ಆಗಿದ್ದರೆ? ಹಾಗಾಗಿ ಹೆಸರನ್ನು ಬದಿಗಿಟ್ಟು, ಬೆರಳನ್ನು ಗೆರೆಯ ಮೇಲಿಟ್ಟು ಓದಿ. ಪರೀಕ್ಷೆಯಲ್ಲಿ ಬೇರೆಯವರಿಗೆ ಓದಿ ಹೇಳುವಾಗಂತೂ ಹೆಸರು ಹೇಳಲೇಬಾರದು. ಹೆಸರಿಸಿ ಎಂಬುದೇ ಪ್ರಶ್ನೆ ಆಗಿರಬಹುದು, ಅಲ್ವಾ?

ದಿಕ್ಕು ಮುಖ್ಯವಾಗುವ ಎರಡು ಜಾಗ

ಯೂಜಿನಾಲ್‌ಗೆ ಮೇಲಿನ ಪಟ್ಟಿಯೇ ಸಾಕು. ಐಸೋಯೂಜಿನಾಲ್‌ಗೆ ಇನ್ನೊಂದು ಮಾತು ಬೇಕು. 10–11ರ ದ್ವಿಬಂಧ ತಿರುಗುವುದಿಲ್ಲ. ಅದರ ಒಂದು ತುದಿಯಲ್ಲಿ ಉಂಗುರದ 4 ಇದೆ, ಇನ್ನೊಂದು ತುದಿಯಲ್ಲಿ 12 ಇದೆ. ಇವೆರಡೂ ದ್ವಿಬಂಧದ ಒಂದೇ ಪಕ್ಕದಲ್ಲಿವೆಯೋ, ಎದುರು ಪಕ್ಕಗಳಲ್ಲಿವೆಯೋ ಹೇಳಬೇಕು. "4 ಮತ್ತು 12 ಎದುರು ಪಕ್ಕದಲ್ಲಿವೆ" ಎಂದರೆ ಅದು E ರೂಪ. ಒಂದೇ ಪಕ್ಕ ಎಂದರೆ Z. ಬರೀ E, Z ಎನ್ನುವುದಕ್ಕಿಂತ ಪರಮಾಣುಗಳ ಸಂಖ್ಯೆ ಹೇಳುವುದು ಒಳ್ಳೆಯದು. E, Z ಎಂಬುದು ಚಿತ್ರ ನೋಡಿದ ಮೇಲೆ ನಾವು ತೆಗೆದ ತೀರ್ಮಾನ. ಅದನ್ನು ತಾವೇ ತೆಗೆಯುವ ಅವಕಾಶ ಕೇಳುವವರಿಗೂ ಇರಲಿ. ಯೂಜಿನಾಲ್‌ನಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ, ಯಾಕೆಂದರೆ ದ್ವಿಬಂಧದ ಕೊನೆಯ ಕಾರ್ಬನ್ 12ರಲ್ಲಿ ಎರಡು ಕಡೆಯೂ ಇರುವುದು ಹೈಡ್ರೋಜನ್ನೇ.

ಎರಡನೆಯದು ಬೆಣೆಯಾಕಾರದ ಗೆರೆಗಳು, ಕಾಲೇಜಿನಲ್ಲಿ ವೆಡ್ಜ್ ಮತ್ತು ಡ್ಯಾಶ್ ಎನ್ನುವವು. ತುಂಬಿದ ಬೆಣೆ ಎಂದರೆ ಬಂಧ ನಮ್ಮ ಕಡೆಗೆ ಬರುತ್ತಿದೆ. ಅಡ್ಡಗೆರೆಗಳ ಬೆಣೆ ಎಂದರೆ ಹಿಂದಕ್ಕೆ ಹೋಗುತ್ತಿದೆ. ಇದಕ್ಕೆ ಕಾರ್ವೋನ್ ಒಳ್ಳೆಯ ಉದಾಹರಣೆ. ಇದರಲ್ಲಿ ಎರಡು ರೂಪಗಳಿವೆ, ಒಂದು ಇನ್ನೊಂದರ ಕನ್ನಡಿ ಬಿಂಬ. R ರೂಪಕ್ಕೆ ಸ್ಪಿಯರ್‌ಮಿಂಟ್ ಪುದೀನದ ವಾಸನೆ. S ರೂಪ ಸಬ್ಬಸಿಗೆ ಬೀಜದ ಎಣ್ಣೆಯಲ್ಲಿರುವುದು. ಬಂಧಗಳ ಪಟ್ಟಿ ಎರಡಕ್ಕೂ ಅಕ್ಷರಶಃ ಒಂದೇ.

ಕಾರ್ವೋನ್‌ನ ಉಂಗುರದಲ್ಲಿ 1ನೇ ಕಾರ್ಬನ್‌ಗೆ ಆಕ್ಸಿಜನ್ ದ್ವಿಬಂಧದಿಂದ ಸೇರಿದೆ. 2ರಲ್ಲಿ CH3 ಇದೆ, 2–3ರ ನಡುವೆ ದ್ವಿಬಂಧ. ಮೂರು ಕಾರ್ಬನ್‌ಗಳ ಐಸೋಪ್ರೊಪೆನೈಲ್ ಕೊಂಬೆ ಇರುವುದು 5ರಲ್ಲಿ. ಬೆಣೆ ಇರುವುದು ಅಲ್ಲೇ. ಅದನ್ನು ಮೂರು ಮಾತಿನಲ್ಲಿ ಹೇಳಬೇಕು. ಬೆಣೆಯ ಚೂಪು ತುದಿ ಯಾವ ಪರಮಾಣುವಿನಲ್ಲಿದೆ: 5ರಲ್ಲಿ. ಅಗಲ ತುದಿ ಎಲ್ಲಿದೆ, ಯಾವ ಬಗೆ: ಕೊಂಬೆಯ ಕಡೆ, ತುಂಬಿದ ಬೆಣೆ. ಮೂರನೆಯದು, 5ರ ಸುತ್ತ ಕಾಣುವ ಮೂರು ಬಂಧಗಳು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಯಾವ ಕ್ರಮದಲ್ಲಿವೆ: ಕೊಂಬೆ, ಆಮೇಲೆ 6, ಆಮೇಲೆ 4.

ಈ ಮೂರನೇ ಮಾತನ್ನು ಬಹಳ ಜನ ಬಿಟ್ಟುಬಿಡುತ್ತಾರೆ. "ಕೊಂಬೆ ನಮ್ಮ ಕಡೆಗಿದೆ" ಎಂದಷ್ಟೇ ಹೇಳಿದರೆ ಪ್ರಯೋಜನವಿಲ್ಲ. ಹಾಳೆಯನ್ನು ಮಗುಚಿ ಹಿಂದಿನಿಂದ ನೋಡಿದರೆ ಅದು ಆ ಕಡೆಗೆ ಹೋಗಿರುತ್ತದೆ. ಆದರೆ ಸುತ್ತಿನ ಕ್ರಮವನ್ನೂ ಸೇರಿಸಿ ಹೇಳಿದರೆ ಕೇಳುವವರು ಉಂಗುರವನ್ನು ಯಾವ ಕೋನದಲ್ಲಿ ಬರೆದರೂ ಅದೇ ಅಣು ಬರುತ್ತದೆ. ಇಲ್ಲಿ ಕೊಂಬೆ ನಮ್ಮ ಕಡೆ ಇರುವುದರಿಂದ ಬರೆಯದ ಹೈಡ್ರೋಜನ್ ಹಿಂದಿದೆ. R, S ತೀರ್ಮಾನಿಸುವ ಆದ್ಯತೆಯಲ್ಲಿ ಕೊಂಬೆ ಮೊದಲು, ಆಕ್ಸಿಜನ್ ಕಡೆಯ 6 ಎರಡನೆಯದು, 4 ಮೂರನೆಯದು. ಗಡಿಯಾರದ ದಿಕ್ಕು, ಹಾಗಾಗಿ R, ಪುದೀನದ ರೂಪ. ಅದೇ ಕ್ರಮ ಇದ್ದು ಬೆಣೆ ಅಡ್ಡಗೆರೆಗಳದ್ದಾಗಿದ್ದರೆ S.

ಚಿತ್ರದಲ್ಲಿ ಬೆಣೆಯೇ ಇಲ್ಲದಿದ್ದರೆ "5ರಲ್ಲಿ ದಿಕ್ಕು ತೋರಿಸಿಲ್ಲ" ಎಂದು ಹೇಳಿ ಮುಂದೆ ಹೋಗಿ. ನೀವಾಗಿ ಒಂದು ದಿಕ್ಕು ಸೇರಿಸಬೇಡಿ. ಅಲೆಯಂಥ ಗೆರೆ ಇದ್ದರೆ ಅದನ್ನೂ ಹಾಗೇ ಹೇಳಿ. ದಿಕ್ಕು ಗೊತ್ತಿಲ್ಲ ಅಥವಾ ಎರಡೂ ರೂಪ ಬೆರೆತಿವೆ ಎಂದು ತೋರಿಸಲು ಅದನ್ನು ಬಳಸುತ್ತಾರೆ.

ಚಿತ್ರ ಯಾರ ಬಳಿಯೂ ಇಲ್ಲದಾಗ

ಕೆಲವು ಸಲ ನಿಮ್ಮ ಕೈಯಲ್ಲೂ ಚಿತ್ರ ಇರುವುದಿಲ್ಲ. ಆಗ ಸುತ್ತಲಿನ ಬರಹದಲ್ಲಿ ಏನು ಉಳಿದಿದೆ ನೋಡಿ. ಬರೀ ಸೂತ್ರ ಉಳಿದಿದ್ದರೆ ರಚನೆ ಹೇಳಲಾಗದು. ಒಂದೇ C10H12O2ಗೆ ಮೂರು ಅಣುಗಳನ್ನು ಈಗಷ್ಟೇ ನೋಡಿದೆವು, ಇನ್ನೂ ಬಹಳ ಇವೆ. ಪೂರ್ತಿ ಹೆಸರು ಉಳಿದಿದ್ದರೆ ಚಿತ್ರ ವಾಪಸ್ ಪಡೆಯಬಹುದು:

```
4-allyl-2-methoxyphenol
```

ಇದನ್ನು ಕೊನೆಯಿಂದ ಓದಿ. ಫೀನಾಲ್ ಎಂದರೆ ಬೆಂಜೀನ್ ಉಂಗುರ, 1ರಲ್ಲಿ OH. 2ರಲ್ಲಿ ಮಿಥಾಕ್ಸಿ, ಅಂದರೆ OCH3. 4ರಲ್ಲಿ ಅಲೈಲ್, ಅಂದರೆ ಮೂರು ಕಾರ್ಬನ್‌ಗಳ ಬಾಲ, ದ್ವಿಬಂಧ ಅದರ ತುದಿಯಲ್ಲಿ. ನಮ್ಮ ಹನ್ನೆರಡು ಸಾಲೂ ಈ ಒಂದು ಹೆಸರಿನಲ್ಲಿವೆ. ಆದರೆ ಹೀಗೆ ಹೆಸರಿನಿಂದ ಕಟ್ಟಿದ ವಿವರಣೆಯಲ್ಲಿ "ಇದು ಹೆಸರಿನಿಂದ ಬರೆದದ್ದು, ಮೂಲ ಚಿತ್ರ ನೋಡಿಲ್ಲ" ಎಂದು ಹೇಳಲೇಬೇಕು. ಮೂಲ ಚಿತ್ರದಲ್ಲಿ ಬಾಣಗಳೋ, ಬಣ್ಣ ಹಚ್ಚಿದ ಪರಮಾಣುಗಳೋ ಇದ್ದಿರಬಹುದು.

ಒಂದು ಸಾಲಿನ ಬರಹ ಜೊತೆಗಿರಲಿ

ಡೇವಿಡ್ ವೈನಿಂಗರ್ 1980ರ ದಶಕದಲ್ಲಿ ರೂಪಿಸಿದ ಸ್ಮೈಲ್ಸ್ ಎಂಬ ಬರವಣಿಗೆ ನಮ್ಮ ಪಟ್ಟಿಯನ್ನೇ ಒಂದು ಸಾಲಿಗೆ ಇಳಿಸುತ್ತದೆ. ಯೂಜಿನಾಲ್, ಚಾವಿಬೆಟಾಲ್, ಐಸೋಯೂಜಿನಾಲ್ ಕ್ರಮವಾಗಿ ಹೀಗಿವೆ:

```
C=CCc1ccc(O)c(OC)c1
C=CCc1ccc(OC)c(O)c1
CC=Cc1ccc(O)c(OC)c1
```

ಮೊದಲನೆಯದನ್ನು ನಮ್ಮ ಸಂಖ್ಯೆಗಳಲ್ಲಿ ಓದೋಣ. 12, ದ್ವಿಬಂಧ, 11, 10. ಆಮೇಲೆ ಸಣ್ಣ c, ಅಂದರೆ ಬೆಂಜೀನ್ ಉಂಗುರದ ಕಾರ್ಬನ್ 4. ಅದರ ಪಕ್ಕದ 1 ಎಂಬುದು ಪರಮಾಣುವಿನ ಸಂಖ್ಯೆಯಲ್ಲ, ಉಂಗುರ ಇಲ್ಲಿ ತೆರೆಯಿತು ಎಂಬ ಗುರುತು. ಮುಂದೆ 5, 6, ಆವರಣದಲ್ಲಿ O ಇರುವ 1, ಆವರಣದಲ್ಲಿ OC ಇರುವ 2, ಕೊನೆಗೆ 3. ಅಲ್ಲಿ ಮತ್ತೆ 1 ಬಂದು ಉಂಗುರ ಮುಚ್ಚುತ್ತದೆ.

ಪಬ್‌ಕೆಮ್ ಸ್ಕೆಚರ್‌ನಲ್ಲಿ ಈ ಸಾಲನ್ನು ಅಂಟಿಸಿದರೆ ಚಿತ್ರ ಮೂಡುತ್ತದೆ. ಅದನ್ನು ನಿಮ್ಮ ಮೂಲ ಚಿತ್ರದ ಜೊತೆ ಹೋಲಿಸಿ. ಪೈಥಾನ್ ಬಳಸುವವರು ಆರ್‌ಡಿಕಿಟ್‌ನಿಂದ ಸೂತ್ರ ತೆಗೆಯಬಹುದು:

```python
from rdkit import Chem
from rdkit.Chem.rdMolDescriptors import CalcMolFormula
m = Chem.MolFromSmiles("C=CCc1ccc(O)c(OC)c1")
print(CalcMolFormula(m))
```

ಇಲ್ಲಿ C10H12O2 ಬರಬೇಕು. C10H18O2 ಬಂದರೆ ಉಂಗುರದ ಸಣ್ಣ c ಗಳನ್ನೆಲ್ಲ ದೊಡ್ಡ C ಮಾಡಿದ್ದೀರಿ, ಉಂಗುರದ ಮೂರು ದ್ವಿಬಂಧಗಳು ಹೋಗಿವೆ.

ಆದರೆ ಕಣ್ಣು ಕಾಣದವರಿಗೆ ಈ ಸಾಲೊಂದನ್ನೇ ಕೊಟ್ಟು ಸುಮ್ಮನಾಗಬೇಡಿ. ಸ್ಕ್ರೀನ್ ರೀಡರ್ ಓದುವಾಗ ದೊಡ್ಡ C, ಸಣ್ಣ c ಎರಡೂ ಒಂದೇ ಥರ ಕೇಳಿಸಬಹುದು. ಆವರಣ ಚಿಹ್ನೆಗಳನ್ನು ಅದು ಓದದೇ ಬಿಡಬಹುದು. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಬಳಸುವವರು NVDA+P ಒತ್ತಿ ಚಿಹ್ನೆಗಳನ್ನು ಓದುವ ಮಟ್ಟ ಏರಿಸಿಕೊಳ್ಳಬಹುದು, ಬಾಣದ ಕೀಲಿಯಿಂದ ಒಂದೊಂದೇ ಅಕ್ಷರ ಸರಿಸುತ್ತಾ ಕೇಳಬಹುದು. ಹಾಗಿದ್ದರೂ ಆ ಸಾಲು ಪರಿಶೀಲನೆಗೆ ಮಾತ್ರ, ಓದಿ ಅರ್ಥ ಮಾಡಿಕೊಳ್ಳಲು ಮಾತಿನ ಪಟ್ಟಿಯೇ ಬೇಕು. ಡಾಕ್ಯುಮೆಂಟ್‌ನಲ್ಲಿ ಹಾಕುವಾಗ ಚಿತ್ರದ ಬದಲಿ ಪಠ್ಯದಲ್ಲಿ "ಹನ್ನೆರಡು ಪರಮಾಣುಗಳ ರಚನೆ, ಒಂದು ಬೆಂಜೀನ್ ಉಂಗುರ, ಪೂರ್ತಿ ವಿವರ ಕೆಳಗಿದೆ" ಎಂದಷ್ಟೇ ಬರೆಯಿರಿ. ಬಂಧಗಳ ಪಟ್ಟಿಯನ್ನು ಕೆಳಗೆ ಸಾಮಾನ್ಯ ಪಠ್ಯವಾಗಿ, ಒಂದು ಬಂಧಕ್ಕೆ ಒಂದು ಸಾಲಿನಂತೆ ಇಡಿ. ಬದಲಿ ಪಠ್ಯದ ಒಳಗೆ ತುರುಕಿದರೆ ಸ್ಕ್ರೀನ್ ರೀಡರ್ ಎಲ್ಲವನ್ನೂ ಒಂದೇ ಉಸಿರಿಗೆ ಓದಿಬಿಡಬಹುದು. ಸಾಲು ಸಾಲಾಗಿ ಇದ್ದರೆ ಓದುವವರು ಏಳನೇ ಬಂಧದಲ್ಲಿ ನಿಂತು, ಬರೆದು, ಆಮೇಲೆ ಎಂಟಕ್ಕೆ ಹೋಗಬಹುದು.